ಹಸೆಮಣೆ ಏರುವ ಮುನ್ನ: ನಿಮ್ಮ ಮದುವೆಯ ಮಂತ್ರಗಳು ಏನು ಹೇಳುತ್ತವೆ

ನಮಸ್ಕಾರ. ನಾನು ಪೌರೋಹಿತ್ಯ ಮಾಡುವವನು. ಮದುವೆ ನಿಶ್ಚಯವಾಗಿರುವ ಹುಡುಗ, ಹುಡುಗಿ ಇಬ್ಬರೂ ಜೊತೆಯಾಗಿ ಕುಳಿತು ನೋಡಲಿ ಎಂದು ಈ ವಿಡಿಯೊ ಮಾಡುತ್ತಿದ್ದೇನೆ. ಮಂಟಪದಲ್ಲಿ ಮಂತ್ರವನ್ನು ನಾನು ಹೇಳಿಕೊಡುತ್ತೇನೆ. ಆದರೆ ಮಾತು ಕೊಡುವವರು ನೀವು. ಅಗ್ನಿಯ ಎದುರು, ಹೆತ್ತವರ ಎದುರು ಏನೆಂದು ಮಾತು ಕೊಡುತ್ತಿದ್ದೇವೆ ಎಂಬುದು ನಿಮಗೆ ಮೊದಲೇ ತಿಳಿದಿರಬೇಕು.

ಒಂದು ವಿಷಯ ಹೇಳಿ ಮುಂದುವರಿಯುತ್ತೇನೆ. ಮನೆಯಲ್ಲಿ ನಡೆಯುವ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥಗಳಿಗೆ ಗೃಹ್ಯಸೂತ್ರ ಎನ್ನುತ್ತಾರೆ. ನಿಮ್ಮ ಮನೆಯವರು ಅನುಸರಿಸುವುದು ಆಶ್ವಲಾಯನ ಸೂತ್ರವೋ, ಆಪಸ್ತಂಬ ಸೂತ್ರವೋ ಎಂಬುದರ ಮೇಲೆ ವಿಧಿಗಳ ಕ್ರಮ ಸ್ವಲ್ಪ ಬದಲಾಗುತ್ತದೆ. ಊರಿನ, ಮನೆತನದ ಪದ್ಧತಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ನಿಮ್ಮ ಮದುವೆಯಲ್ಲಿ ಒಂದು ಹಿಂದೆ, ಒಂದು ಮುಂದೆ ನಡೆದರೆ ಗಾಬರಿ ಬೇಡ.

(ಪರದೆಯಲ್ಲಿ: ಕೊಡೆ, ಕೋಲು ಹಿಡಿದು ಹೊರಟ ವರ)

ಕಾಶೀಯಾತ್ರೆ. ಎಲ್ಲರೂ ನಗುತ್ತಾ ಫೋಟೊ ತೆಗೆಸಿಕೊಳ್ಳುವ ಗಳಿಗೆ ಇದು. ಓದು ಮುಗಿಸಿದ ಬ್ರಹ್ಮಚಾರಿಯ ಮುಂದೆ ಎರಡು ದಾರಿ ಇರುತ್ತವೆ: ವಿರಕ್ತಿ ಅಥವಾ ಸಂಸಾರ. ಹುಡುಗಿಯ ಕಡೆಯವರು ಬಂದು ತಡೆಯುತ್ತಾರೆ, ವರ ಹಿಂದಿರುಗುತ್ತಾನೆ. ಗೃಹಸ್ಥನಾಗುವುದನ್ನು ಅವನು ಆರಿಸಿಕೊಂಡ ಎಂದು ಅರ್ಥ.

ಬಳಿಕ ವರಪೂಜೆ. ಹುಡುಗಿಯ ತಂದೆ ವರನ ಪಾದ ತೊಳೆದು ಮಧುಪರ್ಕ ಕೊಡುತ್ತಾರೆ, ಅಂದರೆ ಜೇನು, ಮೊಸರು, ತುಪ್ಪದ ಮಿಶ್ರಣ. ಮನೆಗೆ ಬಂದ ಮಾನ್ಯ ಅತಿಥಿಗೆ ಸಲ್ಲುತ್ತಿದ್ದ ಪ್ರಾಚೀನ ಮರ್ಯಾದೆ ಇದು. ವರನಾಗುವವರು ಇದನ್ನು ವಿನಯದಿಂದ ಸ್ವೀಕರಿಸಿ. ಗಂಡಿನ ಕಡೆಯವರು ಮೇಲು, ಹೆಣ್ಣಿನ ಕಡೆಯವರು ಕೀಳು ಎಂದು ಈ ವಿಧಿ ಎಲ್ಲಿಯೂ ಹೇಳುವುದಿಲ್ಲ.

ಅತ್ತ ವಧು ಗೌರಿಯನ್ನು ಪೂಜಿಸಿ, ಸೋದರಮಾವನ ಜೊತೆ ಮಂಟಪಕ್ಕೆ ಬರುತ್ತಾಳೆ. ಇಬ್ಬರ ನಡುವೆ ಅಂತರಪಟ. ಮಂಗಳಾಷ್ಟಕ ಮುಗಿದು ಪರದೆ ಸರಿದಾಗ ಜೀರಿಗೆ ಬೆಲ್ಲವನ್ನು ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಹಾಕಿ ಹಾರ ಬದಲಾಯಿಸಿಕೊಳ್ಳುತ್ತೀರಿ. ವರ್ಷಗಟ್ಟಲೆ ಪರಿಚಯವಿದ್ದವರೂ ಆ ಕ್ಷಣ ಕ್ಯಾಮೆರಾ ಮರೆತು ಒಬ್ಬರನ್ನೊಬ್ಬರು ನೋಡಿ. ಗಂಡ ಹೆಂಡತಿಯಾಗಲು ಹೊರಟವರ ಮೊದಲ ನೋಟ ಅದು.

(ಪರದೆಯಲ್ಲಿ: ಕೈಗಳ ಮೇಲೆ ಬೀಳುತ್ತಿರುವ ನೀರಿನ ಧಾರೆ)

ಕನ್ಯಾದಾನದ ಬಗ್ಗೆ ಇಂದಿನ ಹೆಣ್ಣುಮಕ್ಕಳು ಪ್ರಶ್ನೆ ಕೇಳುತ್ತಾರೆ: ನಾನೇನು ಕೊಡುವ ವಸ್ತುವೇ? ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ನಡೆಯುವ ಮಾತುಕತೆಯನ್ನು ಗಮನಿಸಿ. ತಾಯಿ ನೀರೆರೆಯುತ್ತಾಳೆ, ತಂದೆ ಮಗಳ ಕೈಯನ್ನು ವರನ ಕೈಗೆ ಸೇರಿಸುತ್ತಾನೆ. ಆದರೆ ಬರಿದೇ ಒಪ್ಪಿಸಿಬಿಡುವುದಿಲ್ಲ, ಒಂದು ಷರತ್ತು ಹಾಕುತ್ತಾನೆ: "ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಿತವ್ಯಾ ತ್ವಯೇಯಮ್." ಧರ್ಮದಲ್ಲಿ, ಹಣಕಾಸಿನಲ್ಲಿ, ಬಯಕೆಯಲ್ಲಿ ಇವಳನ್ನು ಮೀರಿ ನಡೆಯಕೂಡದು. ವರ "ನಾತಿಚರಾಮಿ" ಎಂದು ಒಪ್ಪುತ್ತಾನೆ, ಮೀರುವುದಿಲ್ಲ ಎಂದು. ಸಾಲ ಮಾಡುವಾಗ, ಮನೆ ಕೊಳ್ಳುವಾಗ, ಕೆಲಸ ಬಿಡುವಾಗ ಹೆಂಡತಿಯನ್ನು ಕೇಳದೆ ತೀರ್ಮಾನ ಮಾಡಿದರೆ ಅಂದು ಆಡಿದ ಈ ಮಾತಿಗೆ ತಪ್ಪಿದಂತೆ. ಹುಡುಗರೇ, ಇಡೀ ಮದುವೆಯಲ್ಲಿ ಒಂದೇ ಒಂದು ಪದವನ್ನು ಬಾಯಿಪಾಠ ಮಾಡುವುದಾದರೆ ಇದನ್ನು ಮಾಡಿ. ಗಟ್ಟಿಯಾಗಿ, ಅವಳಿಗೆ ಕೇಳುವಂತೆ ಹೇಳಿ.

ಮಾಂಗಲ್ಯಧಾರಣೆ ಎಲ್ಲರಿಗೂ ಗೊತ್ತು. "ಮಾಂಗಲ್ಯಂ ತಂತುನಾನೇನ" ಎಂಬ ಶ್ಲೋಕದ ಕೊನೆ "ತ್ವಂ ಜೀವ ಶರದಃ ಶತಮ್". ನೀನು ನೂರು ವರ್ಷ ಬಾಳು ಎಂದು ಗಂಡು ಹೆಣ್ಣಿಗೆ ಹಾರೈಸುತ್ತಾನೆ. ತಾಳಿ ಕಟ್ಟುವುದು ಹಳೆಯ ಗೃಹ್ಯಸೂತ್ರಗಳಲ್ಲಿ ಇಲ್ಲ, ಆಮೇಲೆ ರೂಢಿಯಿಂದ ಬಂದದ್ದು. ಆದರೂ ನಮ್ಮ ಜನ ಅದನ್ನು ಎದೆಗೆ ಹಚ್ಚಿಕೊಂಡಿದ್ದಾರೆ, ಅದರ ಬೆಲೆ ದೊಡ್ಡದೇ.

ನನ್ನನ್ನು ನೋಯಿಸುವುದು ಇದರ ನಂತರ ನಡೆಯುವುದು. ಗಟ್ಟಿಮೇಳ ನಿಂತು ಅಕ್ಷತೆ ಬಿದ್ದದ್ದೇ ತಡ, ಅರ್ಧ ಸಭೆ ಊಟದ ಪಂಕ್ತಿಗೆ ಏಳುತ್ತದೆ. ಉಳಿದರ್ಧ ಉಡುಗೊರೆ ಹಿಡಿದು ಸಾಲು ನಿಲ್ಲುತ್ತದೆ. ಮದುವೆಯ ಹಳೆಯ ತಿರುಳು ಆರಂಭವಾಗುವುದೇ ಆಗ, ಖಾಲಿ ಕುರ್ಚಿಗಳ ಮುಂದೆ.

ಪಾಣಿಗ್ರಹಣದಲ್ಲಿ ವರ ವಧುವಿನ ಕೈ ಹಿಡಿದು ಹೇಳುವ "ಗೃಭ್ಣಾಮಿ ತೇ ಸೌಭಗತ್ವಾಯ ಹಸ್ತಮ್" ಋಗ್ವೇದದ ಹತ್ತನೆಯ ಮಂಡಲದ ವಿವಾಹಸೂಕ್ತದ್ದು. ನನ್ನ ಜೊತೆ ಮುಪ್ಪಿನವರೆಗೂ ಇರುವಂತೆ ನಿನ್ನ ಕೈ ಹಿಡಿಯುತ್ತಿದ್ದೇನೆ ಎಂಬ ಮಾತು. ಮುಪ್ಪಿನ ಪ್ರಸ್ತಾಪ ಮದುವೆಯ ದಿನವೇ ಬರುತ್ತದೆ, ನೋಡಿ.

ಲಾಜಹೋಮದಲ್ಲಿ ವಧುವಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಅರಳು ಹಾಕುತ್ತಾನೆ, ಅವಳು ಅಗ್ನಿಗೆ ಅರ್ಪಿಸುತ್ತಾಳೆ. ಗಂಡನ ಆಯುಸ್ಸಿಗೆ ಅವಳ ಪ್ರಾರ್ಥನೆ ಇಲ್ಲಿದೆ. ತವರಿನ ಕೈ ಬಿಟ್ಟಿಲ್ಲ ಎಂಬುದನ್ನು ತೋರಿಸಲು ಸೋದರನೇ ಬರಬೇಕು ಎಂದು ನಾನು ತಿಳಿದಿದ್ದೇನೆ. ಸೋದರರಿಲ್ಲದಿದ್ದರೆ ಚಿಕ್ಕಪ್ಪ, ದೊಡ್ಡಮ್ಮನ ಮಕ್ಕಳು ನಿಲ್ಲಬಹುದು.

ಆಮೇಲೆ ಕಲ್ಲು ತುಳಿಯುವುದು, ಅಶ್ಮಾರೋಹಣ. "ಅಶ್ಮೇವ ತ್ವಂ ಸ್ಥಿರಾ ಭವ", ಕಲ್ಲಿನಂತೆ ಸ್ಥಿರವಾಗಿರು. ಹಲವು ಮನೆಗಳಲ್ಲಿ ಕಾಲುಂಗುರ ತೊಡಿಸುವುದೂ ಇದೇ ಹೊತ್ತಿಗೆ. ಮಂತ್ರ ಹೆಣ್ಣಿಗೆ ಹೇಳಿದ್ದಾದರೂ ಅವಳ ಪಾದವನ್ನು ಕೈಯಿಂದ ಎತ್ತಿ ಇಡುವವನು ಗಂಡು. ಅವನೂ ಗಟ್ಟಿಯಾಗಿ ನಿಲ್ಲದೆ ಅವಳೊಬ್ಬಳೇ ಸ್ಥಿರವಾಗಿರಲು ಆಗುವುದಿಲ್ಲ.

(ಪರದೆಯಲ್ಲಿ: ಅಗ್ನಿಯ ಪಕ್ಕದಲ್ಲಿ ಒಂದೊಂದಾಗಿ ಇಡುವ ಹೆಜ್ಜೆಗಳು. ವಾದ್ಯದ ಸದ್ದು ಬೇಡ.)

ಸಪ್ತಪದಿ. ಆಶ್ವಲಾಯನ ಕ್ರಮದಲ್ಲಿ ಮೊದಲ ಹೆಜ್ಜೆ ಅನ್ನಕ್ಕಾಗಿ, ಎರಡನೆಯದು ಬಲಕ್ಕಾಗಿ, ಮೂರನೆಯದು ಸಂಪತ್ತು ಬೆಳೆಯಲೆಂದು, ನಾಲ್ಕನೆಯದು ಸುಖಕ್ಕಾಗಿ, ಐದನೆಯದು ಸಂತಾನಕ್ಕಾಗಿ, ಆರನೆಯದು ಋತುಗಳಿಗಾಗಿ. ಏಳನೆಯ ಹೆಜ್ಜೆಯಲ್ಲಿ ಬೇಡುವುದು ಏನೂ ಇಲ್ಲ. "ಸಖಾ ಸಪ್ತಪದೀ ಭವ", ಏಳು ಹೆಜ್ಜೆ ನಡೆದವಳೇ, ನನ್ನ ಗೆಳತಿಯಾಗು. ಅನ್ನ, ಹಣ, ಮಕ್ಕಳು ಎಲ್ಲವನ್ನೂ ದಾಟಿ ನಮ್ಮ ಪೂರ್ವಿಕರು ಸ್ನೇಹವನ್ನು ಕೊನೆಗೆ ಇಟ್ಟರು. ಆಪಸ್ತಂಬ ಕ್ರಮದಲ್ಲಿ ನಡುವಿನ ಕೆಲವು ಹೆಜ್ಜೆಗಳ ಉದ್ದೇಶ ಬೇರೆ, ಕೊನೆಯ ಸ್ನೇಹ ಮಾತ್ರ ಅಲ್ಲಿಯೂ ಇದೆ.

ಕಾನೂನೂ ಇಲ್ಲಿಯೇ ಬಂದು ನಿಲ್ಲುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣಗೊಳ್ಳುತ್ತದೆ. ವಿಧಿಗಳನ್ನೇ ನಡೆಸದೆ ಬರಿಯ ನೋಂದಣಿ ಪತ್ರ ಪಡೆದರೆ ಈ ಕಾಯ್ದೆಯಡಿ ಮದುವೆ ಆದಂತಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಹಾಗೆಂದು ನೋಂದಣಿ ಬಿಡಬೇಡಿ, ಅದು ಮದುವೆಗೆ ಸಾಕ್ಷ್ಯ.

ಕೊನೆಗೆ ಅರುಂಧತಿ ದರ್ಶನ. ಸಪ್ತರ್ಷಿ ಮಂಡಲದ ಬಾಲದಲ್ಲಿ ತುದಿಯಿಂದ ಎರಡನೆಯ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಮಂಕಾಗಿ ಕಾಣುವುದು ಅರುಂಧತಿ. ಹಗಲಿನ ಮುಹೂರ್ತದಲ್ಲಿ ನಾವು ಬರಿಯ ಆಕಾಶ ತೋರಿಸುತ್ತೇವೆ. ಏಪ್ರಿಲ್, ಮೇ ತಿಂಗಳ ಮದುವೆಯಾದರೆ ರಾತ್ರಿ ಎಂಟರ ಬಳಿಕ ಉತ್ತರಕ್ಕೆ ತಿರುಗಿ ನಿಜವಾಗಿ ಹುಡುಕಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮದುವೆಗೆ ಮೊದಲು ನಿಮ್ಮ ಪುರೋಹಿತರನ್ನು ಭೇಟಿ ಮಾಡಿ, ನಿಮ್ಮ ಸೂತ್ರದ ಸಪ್ತಪದಿ ಮಂತ್ರಗಳನ್ನು ಅರ್ಥಸಹಿತ ಬರೆಸಿಕೊಳ್ಳಿ. ಅಷ್ಟು ಹೊತ್ತು ವಾದ್ಯದವರು ಸುಮ್ಮನಿರಲಿ, ಉಡುಗೊರೆಯ ಸಾಲು ಕಾಯಲಿ ಎಂದು ಮನೆಯ ಹಿರಿಯರಿಗೆ ಮೊದಲೇ ತಿಳಿಸಿ. ಊಟವನ್ನು ಸಪ್ತಪದಿ ಮುಗಿದ ಮೇಲೆಯೇ ಬಡಿಸಲು ಅಡುಗೆಯವರಿಗೆ ಹೇಳಿಡಿ. ನಿಮ್ಮವರೆಲ್ಲ ಕುಳಿತು ನೋಡುತ್ತಿರುವಾಗ ಆ ಏಳು ಹೆಜ್ಜೆ ಇಡಿ.