ಪ್ರಾಜೆಕ್ಟ್ ವಿಷಯ ಬಸ್ಸಿನಲ್ಲೇ ಇದೆ ನೋಡು

ಸಿಂಚನಾ, ಸರ್ವೇ ಪ್ರಾಜೆಕ್ಟಿಗೆ ಯಾವ ವಿಷಯ ತಗೋಲಿ ಅಂತ ಕೇಳಿದ್ದೆಯಲ್ಲ, ‘ಯುವಜನರ ಮೇಲೆ ಸೋಷಿಯಲ್ ಮೀಡಿಯಾ ಪರಿಣಾಮ’ ಮಾತ್ರ ತಗೋಬೇಡ ಕಣೇ. ಪ್ರತಿ ವರ್ಷ ಅದೇ ಬರುತ್ತದೆ, ಓದುವ ಮೇಷ್ಟ್ರಿಗೂ ಸಾಕಾಗಿದೆ. ದಿನನಿತ್ಯದ ಬದುಕಿನ ಬಗ್ಗೆ ಕುತೂಹಲ ಅಂದೆಯಲ್ಲ, ಹಾಗಾದರೆ ನಾನು ಮೊದಲು ಹೇಳೋದು ಬಸ್ಸು.

ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಆದರೆ ನಮ್ಮ ಮಲೆನಾಡಿನ ಎಷ್ಟೋ ಊರಿಗೆ ಬರೋದೇ ಪ್ರೈವೇಟ್ ಬಸ್ಸು, ಅಲ್ಲಿ ದುಡ್ಡು ಕೊಡಲೇಬೇಕು. ಪೇಟೆಯಿಂದ ಹೆಚ್ಚುಕಡಿಮೆ ಒಂದೇ ದೂರ ಇರುವ ಎರಡು ಊರು ಹುಡುಕು, ಒಂದಕ್ಕೆ ಸರ್ಕಾರಿ ಬಸ್ ಇರಲಿ, ಇನ್ನೊಂದಕ್ಕೆ ಪ್ರೈವೇಟ್ ಮಾತ್ರ. ಊರಿಗೆ ಮೂವತ್ತು ಮನೆ ಸಾಕು. ‘ಯೋಜನೆ ಚೆನ್ನಾಗಿದೆಯಾ’ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಹೀಗೆ ಕೇಳು:

‘ಹೋದ ವಾರ ಎಷ್ಟು ಸಲ ಪೇಟೆಗೆ ಹೋಗಿದ್ದಿರಿ? ಯಾವ ಕೆಲಸಕ್ಕೆ? ಜೊತೆಗೆ ಯಾರಿದ್ದರು? ಟಿಕೆಟ್ ದುಡ್ಡು ಯಾರು ಕೊಟ್ಟರು? ಹೋಗಬೇಕು ಅಂದುಕೊಂಡು ಬಿಟ್ಟಿದ್ದು ಉಂಟಾ?’

ಕೊನೆಯದನ್ನ ಬಿಡಬೇಡ. ಬಸ್‌ಸ್ಟ್ಯಾಂಡಲ್ಲಿ ನಿಂತು ಸರ್ವೇ ಮಾಡಿದರೆ ಹೊರಟವರಷ್ಟೇ ಸಿಗುತ್ತಾರೆ, ಮನೆಯಲ್ಲೇ ಉಳಿದವರು ಲೆಕ್ಕಕ್ಕೇ ಬರೋದಿಲ್ಲ ಅಲ್ವಾ? ಅದಕ್ಕೇ ಮನೆಮನೆಗೆ ಹೋಗು. ಪ್ರತಿ ಐದನೇ ಮನೆ ಅಂತ ಇಟ್ಟುಕೋ, ಪರಿಚಯದವರ ಮನೆಗೇ ಕಾಲು ಎಳೆದರೂ ಆ ಲೆಕ್ಕ ತಪ್ಪಿಸಬೇಡ. ನಮ್ಮ ಕಡೆ ಒಂದೊಂದು ಮನೆ ಒಂದೊಂದು ತೋಟದ ಆಚೆ, ನಡೆಯೋದು ಜಾಸ್ತಿ ಆಗುತ್ತೆ.

ಎರಡನೆಯದು ಅಡಿಕೆ ಕೊಯ್ಲಿನ ಟೈಮಲ್ಲಿ ಹೆಂಗಸರ ಒಂದು ದಿನ. ದೇಶದ ಸಮಯ ಬಳಕೆ ಸಮೀಕ್ಷೆ 2019ರಲ್ಲೂ 2024ರಲ್ಲೂ ಆಗಿದೆ. ಅದರಲ್ಲಿ ಹಿಂದಿನ ದಿನ ಬೆಳಗಿನ 4 ಗಂಟೆಯಿಂದ ಅರ್ಧರ್ಧ ಗಂಟೆಗೆ ಏನು ಮಾಡಿದರು ಅಂತ ಬರೆಸಿಕೊಳ್ಳುತ್ತಾರೆ. ಅದೇ ಪಟ್ಟಿ ನೀನೂ ಮಾಡು, ಒಂದು ಅರ್ಧ ಗಂಟೆಗೆ ಎರಡು ಕೆಲಸ ಬರೆಯೋಕೂ ಜಾಗ ಬಿಡು. ಒಲೆ ಮೇಲೆ ಅನ್ನ ಇಟ್ಟು ಅಡಿಕೆ ಸುಲಿಯುವವರೇ ತಾನೆ ನಮ್ಮ ಕಡೆ! ‘ಏನೂ ಕೆಲಸ ಇಲ್ಲ, ಮನೆಯಲ್ಲೇ ಇದ್ದೆ’ ಅನ್ನೋರ ಪಟ್ಟಿಯೇ ಉದ್ದ ಆಗುತ್ತೆ ಅಂತ ನನ್ನ ಅಂದಾಜು. ಕೂಲಿಗೆ ಬಂದವರನ್ನೂ ಮನೆಯವರನ್ನೂ ಬೇರೆ ಬೇರೆ ಲೆಕ್ಕ ಹಾಕು.

ಸಿಗಂದೂರು ಸೇತುವೆ ವಿಷಯಕ್ಕೂ ಆಸೆಯಾಗಬಹುದು. 2025ರ ಜುಲೈನಲ್ಲಿ ಓಪನ್ ಆಯ್ತು, ಅಲ್ಲಿಯವರೆಗೆ ತುಮರಿ ಕಡೆಯವರು ಶರಾವತಿ ಹಿನ್ನೀರು ದಾಟೋದಕ್ಕೆ ಲಾಂಚ್ ಕಾಯುತ್ತಿದ್ದರು. ಒಳ್ಳೇ ವಿಷಯವೇ, ಆದರೆ ‘ಮೊದಲು ಹೇಗಿತ್ತು’ ಅಂದರೆ ನೆನಪು ಒಬ್ಬೊಬ್ಬರಿಗೆ ಒಂದೊಂದು ಥರ. ಕಾಲೇಜಿಗೆ ಹೋಗೋ ಮಕ್ಕಳು ಆಗ ಎಲ್ಲಿ ಉಳಿದುಕೊಳ್ಳುತ್ತಿದ್ದರು, ಈಗ ಎಲ್ಲಿ, ಇಂಥ ಮರೆಯಲಾಗದ ವಿಷಯಕ್ಕೆ ಅಂಟಿಕೊಂಡರೆ ನಡೆಯುತ್ತೆ.

ಮೊಬೈಲ್ ಸಿಗ್ನಲ್ ಸಿಗೋ ಗುಡ್ಡಕ್ಕೆ ಯಾರು ಯಾವಾಗ ಹೋಗ್ತಾರೆ ಅನ್ನೋದೂ ಚಂದ, ಆದರೆ ಚಿಕ್ಕ ವಿಷಯ.

ಫಾರಂನಲ್ಲಿ ಹೆಸರು ಬೇಡ, ನಂಬರ್ ಸಾಕು. ಮೊದಲೇ ‘ಬೇಡ ಅಂದರೂ ಬೇಜಾರಿಲ್ಲ’ ಅಂತ ಹೇಳಿ ಒಪ್ಪಿಗೆ ತಗೋ. ಸುಮ್ನೆ ನಲವತ್ತು ಪ್ರಶ್ನೆ ಹಾಕಬೇಡ, ಹದಿನೈದು ಸಾಕು, ಮೊದಲು ನಿಮ್ಮ ಅತ್ತೆ ಹತ್ರ ಕೇಳಿ ನೋಡು. ಯಾವ ಪ್ರಶ್ನೆಗೆ ಅವರು ‘ಹಂಗಂದ್ರೆ?’ ಅಂತಾರೋ ಅದನ್ನ ಬದಲಾಯಿಸಿ ಶನಿವಾರ ನನಗೆ ಕಳಿಸು.