ಕೃತಜ್ಞತೆ (ಅಂತಿಮ ವರದಿ: ಅಘನಾಶಿನಿ ಕಣಿವೆಯ ಅಪ್ಪೆಮಿಡಿ ತಳಿಗಳ ದಾಖಲೀಕರಣ)

ಈ ಅಧ್ಯಯನಕ್ಕೆ ಕಿರು ಸಂಶೋಧನಾ ಅನುದಾನ ನೀಡಿದ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ನಾವು ಮನಃಪೂರ್ವಕವಾಗಿ ಆಭಾರಿಗಳು. ಕ್ಷೇತ್ರ ಸಹಾಯಕರ ಗೌರವಧನ, ಶಿರಸಿ–ಸಿದ್ದಾಪುರ ಭಾಗದ ಓಡಾಟ, ಮಿಡಿಗಳ ಆಮ್ಲಾಂಶ ಪರೀಕ್ಷೆ, ಇವೆಲ್ಲ ಈ ಅನುದಾನದಿಂದಲೇ ನಡೆದವು. ಮೊದಲ ವರ್ಷ ಅಕಾಲಿಕ ಮಳೆಗೆ ಹೂವು ಉದುರಿ ಹಲವು ಮರಗಳಲ್ಲಿ ಮಿಡಿಯೇ ನಿಲ್ಲಲಿಲ್ಲ. ಆಗ ಮಂಡಳಿಯು ಯೋಜನೆಯ ಅವಧಿಯನ್ನು ಇನ್ನೊಂದು ಹಂಗಾಮಿಗೆ ವಿಸ್ತರಿಸಿತು. ಮರ ಫಲ ಕೊಡುವ ಕಾಲಕ್ಕೆ ಸಂಶೋಧನೆ ಕಾಯಬೇಕೆಂಬುದನ್ನು ಅರಿತು ನೀಡಿದ ಈ ಅವಕಾಶವನ್ನು ನಾವು ಹಣದಷ್ಟೇ ದೊಡ್ಡ ನೆರವೆಂದು ಭಾವಿಸುತ್ತೇವೆ. ಸೊನೆಯ ಪರಿಮಳ, ಮಿಡಿಯ ಆಕಾರ, ಉಪ್ಪಿನಲ್ಲಿ ಬಾಳುವ ಗುಣಗಳ ದಾಖಲಾತಿ ಪೂರ್ಣಗೊಂಡದ್ದು ಆ ಎರಡನೆಯ ಹಂಗಾಮಿನಲ್ಲೇ. ಮಧ್ಯಂತರ ವರದಿಯನ್ನು ಪರಿಶೀಲಿಸಿ, ರೈತರು ಕರೆಯುವ ತಳಿಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳುವಂತೆ ಸೂಚಿಸಿದ ತಜ್ಞ ಸಮಿತಿಯ ಸದಸ್ಯರಿಗೂ ವಂದನೆಗಳು. ನದಿದಂಡೆಯ ಮರಗಳನ್ನು ತೋರಿಸಿ, ಕಸಿ ಕಡ್ಡಿಗಳನ್ನು ಹಂಚಿಕೊಂಡ ಬೆಳೆಗಾರರಿಗೂ ಮಿಡಿ ಆಯ್ದು ಉಪ್ಪು ಹಾಕುವ ತಮ್ಮ ಅನುಭವವನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಟ್ಟ ಮಹಿಳೆಯರಿಗೂ ನಾವು ಋಣಿಗಳು. ಅವರ ಒಪ್ಪಿಗೆಯಂತೆ, ಮಾಹಿತಿಯ ಪ್ರತಿಗಳನ್ನು ಆಯಾ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಪ್ಪಿಸಲಾಗಿದೆ. ವರದಿಯಲ್ಲಿನ ಅಭಿಪ್ರಾಯ ಮತ್ತು ನಿರ್ಣಯಗಳ ಹೊಣೆ ಸಂಶೋಧಕರದ್ದು. ಅವು ಮಂಡಳಿಯ ನಿಲುವುಗಳಲ್ಲ.