ಹೊಲಿಗೆ ಕೆಲಸದ ಬಗ್ಗೆ

ರೀ,

ಫೋನಲ್ಲಿ ಪೂರ್ತಿ ಹೇಳೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲೇ ಬಟ್ಟೆ ಆಲ್ಟರೇಷನ್ ಶುರು ಮಾಡಬೇಕೆಂದಿದ್ದೇನೆ. ಹೊಸ ಬಟ್ಟೆ ಹೊಲಿಯಲ್ಲ. ಅಳತೆ ತಪ್ಪಿದರೆ ಬಟ್ಟೆಯ ದುಡ್ಡು ನಾವೇ ಕೊಡಬೇಕಾಗುತ್ತೆ, ಅಲ್ವಾ? ಪ್ಯಾಂಟ್ ಮಡಿಚಿ ಹೊಲಿಯುವುದು, ಜಿಪ್ ಬದಲಿಸುವುದು, ಅಷ್ಟೇ.

ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷಿನ್‌ಗೆ 14,000 ರೂಪಾಯಿ. ಅಂಚು ಬಿಚ್ಚದಂತೆ ಹೊಲಿಯಲು ಅದು ಬೇಕೇ ಬೇಕು. ನಮ್ಮ ಮಷಿನ್‌ಗೆ ಮೋಟರ್ 2,000, ದಾರ, ಜಿಪ್, ಸೂಜಿಗೆ 1,500. ಎಲ್ಲ ನನ್ನ ಉಳಿತಾಯದಿಂದಲೇ, ಸಾಲ ಬೇಡ.

ವಾರದ ದಿನ ಸಂಜೆ 5ರಿಂದ 7, ಶನಿವಾರ ಮೂರು ಗಂಟೆ. ಭಾನುವಾರ ಮಷಿನ್ ಮುಟ್ಟಲ್ಲ.

ಪ್ಯಾಂಟಿಗೆ 60, ಜಿಪ್‌ಗೆ 100. ತಿಂಗಳಿಗೆ 70 ಪ್ಯಾಂಟ್, 20 ಜಿಪ್ ಬಂದರೆ 6,200. ದಾರ, ಜಿಪ್, ಕರೆಂಟಿಗೆ 1,200 ಕಳೆದು 5,000 ಉಳಿಯುತ್ತೆ. ಮೊದಮೊದಲು ಇಷ್ಟು ಬರಲ್ಲ. ಹಾಕಿದ ದುಡ್ಡು ವಾಪಸ್ ಬರಲು ಆರು ತಿಂಗಳಾದರೂ ಬೇಕು.

ನೀವು ಒಪ್ಪಿದರೆ ಮಾತ್ರ ಮಷಿನ್‌ಗೆ ಅಡ್ವಾನ್ಸ್ ಕೊಡುತ್ತೇನೆ. ಯೋಚಿಸಿ ಹೇಳಿ.

ನಿಮ್ಮವಳು